ಹೆಸರಿಲ್ಲದ ಚೀಟಿ

ನಾನು ಹಿಂದೆ ಪಾಠ ಹೇಳುತ್ತಿದ್ದ ಒಂದು ಪ್ರೌಢಶಾಲೆಯ ಕಾರ್ಯಾಲಯದ ಹೊರಗೋಡೆಗೆ ತಗಡಿನ ಡಬ್ಬಿಯೊಂದನ್ನು ತೂಗುಹಾಕಿದ್ದರು. ಬೀಗ ಹಾಕಿದ ಡಬ್ಬಿ, ಮೇಲ್ಗಡೆ ಸೀಳುಬಾಯಿ, ಅದರ ಕೆಳಗೆ “ನಿಮ್ಮ ಕಷ್ಟವನ್ನು ನಿರ್ಭಯವಾಗಿ ಬರೆಯಿರಿ, ಹೆಸರು ಬೇಕಿಲ್ಲ” ಎಂಬ ಬರಹ. ಒಂದು ತಿಂಗಳ ತರುವಾಯ ಬೀಗ ತೆಗೆದಾಗ ಮಿಠಾಯಿಯ ಕಾಗದಗಳ ನಡುವೆ ಒಂದೇ ಒಂದು ಚೀಟಿ ಇತ್ತು. ಊಟದ ತಟ್ಟೆ ತೊಳೆಯುವ ನಲ್ಲಿಯ ಬಳಿ ದೊಡ್ಡ ತರಗತಿಯ ಹುಡುಗರು ತನ್ನನ್ನು ದಿನವೂ ಗೋಳುಹೊಯ್ದುಕೊಳ್ಳುತ್ತಾರೆಂದು ಯಾರೋ ಬರೆದಿದ್ದರು. ಚೀಟಿ ಉಪಾಧ್ಯಾಯರ ಕೊಠಡಿಯಲ್ಲಿ ಕೈಯಿಂದ ಕೈಗೆ ಹೋಯಿತು. ನಾಲ್ಕನೆಯವರ ಕೈಗೆ ಬಂದಾಗ ಅವರು ಕನ್ನಡಕವನ್ನು ಸರಿಪಡಿಸಿಕೊಂಡು, “ಈ ಳಕಾರದ ಬಾಲ ನೋಡಿ; ಎಂಟನೆಯ ತರಗತಿಯಲ್ಲಿ ಹೀಗೆ ಬರೆಯುವವನು ಒಬ್ಬನೇ” ಎಂದರು.

ಅವರ ಮನಸ್ಸಿನಲ್ಲಿ ಕೆಡುಕೇನೂ ಇರಲಿಲ್ಲ. ಹುಡುಗನನ್ನು ಕರೆಸಿದರು, ಸಮಾಧಾನ ಹೇಳಿದರು, ಕಾಟ ಕೊಟ್ಟವರ ಹೆಸರನ್ನು ಅವನಿಂದಲೇ ಹೇಳಿಸಿದರು, ಅವರನ್ನೂ ಕರೆಸಿ ಗದರಿಸಿದರು. ಮರುವಾರದಿಂದ ಆ ಹುಡುಗ ಮಧ್ಯಾಹ್ನದ ಊಟದ ಸಾಲಿಗೆ ಬರುವುದನ್ನೇ ಬಿಟ್ಟ. ಡಬ್ಬಿಯಲ್ಲಿ ಮತ್ತೆಂದೂ ಚೀಟಿ ಬೀಳಲಿಲ್ಲ. ವರ್ಷದ ಕೊನೆಗೆ ಶಾಲೆಯ ವರದಿಯಲ್ಲಿ “ದೂರುಗಳು: ಇಲ್ಲ” ಎಂದು ಬರೆದೆವು. ಅದಕ್ಕೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ.

ನಾವು ಮಾಡಿದ ತಪ್ಪು ಯಾವುದೆಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಎಲ್ಲರ ಎದುರಿಗಿರುವ ಗೋಡೆಯ ಬಳಿಗೆ ನಡೆದುಹೋಗಿ ಚೀಟಿ ಹಾಕುವ ಧೈರ್ಯವನ್ನು ಧೈರ್ಯಗೆಟ್ಟ ಮಗುವಿನಿಂದಲೇ ನಾವು ನಿರೀಕ್ಷಿಸಿದ್ದೆವು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಆ ಮಗುವಿನಿಂದ ಅದರ ಕಥೆಯನ್ನೇ ಬೇಡಿದ್ದೆವು. ಕಥೆ ಎಂದಮೇಲೆ ಅದರಲ್ಲಿ ಹೇಳಿದವನ ಗುರುತು ಇದ್ದೇ ಇರುತ್ತದೆ. ಹೆಸರು ಬರೆಯದಿದ್ದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ನಮಗೆ ಮೊದಲು ಬೇಕಾಗಿದ್ದುದು ‘ಯಾರು’ ಎಂಬುದಲ್ಲ, ‘ಎಲ್ಲಿ’ ಎಂಬುದು. ಎಲ್ಲ ಮಕ್ಕಳನ್ನೂ ಒಂದೇ ದಿನ, ಒಂದೇ ಗಳಿಗೆಯಲ್ಲಿ, ಒಂದೇ ರೀತಿಯ ಕಾಗದದ ಮೇಲೆ ‘ಎಲ್ಲಿ’ ಎಂದು ಕೇಳಿದ್ದರೆ ಆ ನಲ್ಲಿಯ ಸಂಗತಿ ನಮಗೆ ತಿಳಿಯುತ್ತಿತ್ತು. ಆ ಹುಡುಗನ ಗುರುತು ತಿಳಿಯುತ್ತಿರಲಿಲ್ಲ.

ಹೀಗೆ ಕೇಳುವ ವಿದ್ಯೆ ಬೆಳೆದುಬಂದದ್ದು ಮುಖ್ಯವಾಗಿ ಉತ್ತರ ಯೂರೋಪಿನಲ್ಲಿ. ಸ್ವೀಡನ್ ದೇಶದಲ್ಲಿ ಹುಟ್ಟಿ, ನಾರ್ವೆಯ ಬರ್ಗೆನ್ ನಗರದಲ್ಲಿ ಕೆಲಸ ಮಾಡಿದ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಶಾಲೆಯಲ್ಲಿ ಮಕ್ಕಳು ಮಕ್ಕಳಿಗೇ ಕೊಡುವ ಕಾಟವನ್ನು ಕುರಿತು ೧೯೭೩ರಲ್ಲಿಯೇ ಪುಸ್ತಕ ಬರೆದಿದ್ದರು. ಆದರೆ ದೇಶ ಕಣ್ಣು ತೆರೆದದ್ದು ೧೯೮೨ರ ಕೊನೆಯಲ್ಲಿ, ಉತ್ತರ ನಾರ್ವೆಯ ಮೂವರು ಬಾಲಕರು ಸಹಪಾಠಿಗಳ ಕಾಟದ ಪರಿಣಾಮವಾಗಿ ಪ್ರಾಣ ಕಳೆದುಕೊಂಡರೆಂಬ ಸುದ್ದಿ ಬಂದಾಗ. ಮರುವರ್ಷ ಸರಕಾರ ರಾಷ್ಟ್ರವ್ಯಾಪಿಯಾದ ಕಾರ್ಯಕ್ರಮವನ್ನು ಹೂಡಿತು. ಓಲ್ವೇಯಸರ ಪ್ರಶ್ನಾವಳಿಯನ್ನು ಶಾಲೆಗಳಿಗೆ ಹಂಚಲಾಯಿತು; ೭೧೫ ಶಾಲೆಗಳ ಸುಮಾರು ೧,೩೦,೦೦೦ ಮಕ್ಕಳ ಉತ್ತರಗಳನ್ನು ಅವರು ಪರಿಶೀಲಿಸಿದರು. ನೂರಕ್ಕೆ ಸುಮಾರು ೧೫ ಮಕ್ಕಳು ಕಾಟ ತಿನ್ನುವವರಾಗಿಯೋ ಕೊಡುವವರಾಗಿಯೋ ಈ ವ್ಯವಹಾರದಲ್ಲಿ ಸಿಲುಕಿದ್ದರು. ಕಾಟವೆಲ್ಲ ಶಾಲೆಗೆ ಹೋಗಿಬರುವ ದಾರಿಯಲ್ಲಿ ನಡೆಯುತ್ತದೆ, ಶಾಲೆಯೊಳಗಲ್ಲ ಎಂಬ ನಂಬಿಕೆ ಅಲ್ಲಿಯೂ ಪ್ರಚಲಿತವಾಗಿತ್ತು. ಮಕ್ಕಳ ಉತ್ತರಗಳು ಅದನ್ನು ತಲೆಕೆಳಗು ಮಾಡಿದವು: ದಾರಿಗಿಂತ ಶಾಲೆಯ ಆವರಣದಲ್ಲಿಯೇ ಕಾಟ ಹೆಚ್ಚು. ವಿರಾಮದ ಹೊತ್ತಿನಲ್ಲಿ ಮಕ್ಕಳ ನಡುವೆ ಹಿರಿಯರು ಹೆಚ್ಚಾಗಿದ್ದ ಶಾಲೆಗಳಲ್ಲಿ ಅದು ಕಡಿಮೆ ಎಂಬುದೂ ಕಂಡುಬಂದಿತು. ಎಂದರೆ, ಕಾಟಕ್ಕೆ ಕೆಟ್ಟ ಹುಡುಗರಷ್ಟೇ ಸಾಲದು. ಒಂದು ಜಾಗವೂ ಬೇಕು, ಒಂದು ಹೊತ್ತೂ ಬೇಕು. ಜಾಗ ಮತ್ತು ಹೊತ್ತು ತಿಳಿದರೆ ಹೆಸರಿನ ಗೋಜಿಲ್ಲದೆಯೇ ಅರ್ಧ ಕೆಲಸ ಆಗುತ್ತದೆ.

ಪ್ರಶ್ನಾವಳಿಯನ್ನು ಬರೆಯಲು ಕುಳಿತೊಡನೆ ಎದುರಾಗುವ ಮೊದಲ ಕಷ್ಟ ಮಾತಿನದು. ಕನ್ನಡದಲ್ಲಿ ಏನೆಂದು ಕೇಳಬೇಕು? ‘ಪೀಡನೆ’ ಎಂದರೆ ಮಗು ಪೋಲೀಸರ ಹೊಡೆತವನ್ನು ನೆನೆಯುತ್ತದೆ. ‘ಕಿರುಕುಳ’ ಎಂದರೆ ಪತ್ರಿಕೆಯ ಸುದ್ದಿಯಾಗುತ್ತದೆ. ‘ಚೇಷ್ಟೆ’ ಎಂದರೆ ತಪ್ಪೆಲ್ಲ ಹಗುರವಾಗಿಬಿಡುತ್ತದೆ. ‘ಚುಡಾಯಿಸುವುದು’ ಎಂದರೆ ಹುಡುಗರು ಹುಡುಗಿಯರಿಗೆ ಮಾಡುವುದು ಮಾತ್ರ ನೆನಪಿಗೆ ಬರುತ್ತದೆ. ಈ ತೊಡಕು ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಪೀಟರ್ ಸ್ಮಿತ್ ಮತ್ತು ಅವರ ಸಂಗಡಿಗರು ೧೪ ದೇಶಗಳ ಮಕ್ಕಳಿಗೆ ಸರಳವಾದ ಗೆರೆಚಿತ್ರಗಳನ್ನು ತೋರಿಸಿ, ಯಾವ ಚಿತ್ರಕ್ಕೆ ನಿಮ್ಮ ನುಡಿಯ ಯಾವ ಮಾತು ಒಪ್ಪುತ್ತದೆಂದು ಕೇಳಿದರು. ಆ ಅಧ್ಯಯನ ೨೦೦೨ರಲ್ಲಿ ಪ್ರಕಟವಾಯಿತು. ಒಂದು ನುಡಿಯ ಮಾತು ಇನ್ನೊಂದು ನುಡಿಯ ಮಾತಿನ ಮೇಲೆ ಸರಿಯಾಗಿ ಕೂರಲಿಲ್ಲ. ಕೆಲವು ಮಾತು ಹೊಡೆತವನ್ನಷ್ಟೇ ಒಳಗೊಂಡರೆ, ಕೆಲವು ಜೊತೆಗೆ ಸೇರಿಸದೆ ದೂರವಿಡುವುದನ್ನೂ ಒಳಗೊಂಡವು.

ಆದುದರಿಂದ ದೊಡ್ಡ ಹೆಸರನ್ನು ನಂಬದೆ ಕೃತ್ಯಗಳನ್ನು ಹೇಳಿ ಕೇಳುವುದೇ ಲೇಸು. “ನಿನಗೆ ಇಷ್ಟವಿಲ್ಲದ ಅಡ್ಡಹೆಸರಿನಿಂದ ಕರೆದರು”, “ತಳ್ಳಿದರು ಅಥವಾ ಹೊಡೆದರು”, “ನಿನ್ನ ವಸ್ತುವನ್ನೋ ಹಣವನ್ನೋ ಕಸಿದುಕೊಂಡರು”, “ಬೇಕೆಂದೇ ಆಟಕ್ಕೋ ಊಟಕ್ಕೋ ಸೇರಿಸಲಿಲ್ಲ”, “ಜಾತಿಯನ್ನೋ ಬಣ್ಣವನ್ನೋ ಮಾತಿನ ತೊದಲನ್ನೋ ಹಿಡಿದು ಹಂಗಿಸಿದರು”, “ಫೋನಿನಲ್ಲಿ ನಿನ್ನ ವಿಷಯ ಕೆಟ್ಟದಾಗಿ ಹರಡಿದರು” ಎಂಬಂತಹ ಆರೇಳು ವಾಕ್ಯಗಳು ಸಾಕು. ಸರಿಸಮಾನರ ಜಗಳ ಇದಲ್ಲವೆಂಬುದನ್ನು ಮೊದಲೇ ಎರಡು ಸಾಲಿನಲ್ಲಿ ತಿಳಿಸಬೇಕು: ಒಂದು ಸಲವಲ್ಲ, ಮತ್ತೆ ಮತ್ತೆ, ತಿರುಗಿ ನಿಲ್ಲಲು ಆಗದವನಿಗೆ. ಅವಧಿಯನ್ನೂ ಕಟ್ಟಿಕೊಡಬೇಕು. “ಎಂದಾದರೂ” ಎಂದು ಕೇಳಿದರೆ ಒಂದನೆಯ ತರಗತಿಯ ನೆನಪೂ ಬರುತ್ತದೆ. “ದಸರಾ ರಜೆ ಮುಗಿದ ಮೇಲೆ” ಎಂದರೆ ಮಕ್ಕಳಿಗೆ ಲೆಕ್ಕ ಸುಲಭ. ಉತ್ತರವೂ ‘ಆಗಾಗ’, ‘ಅಪರೂಪಕ್ಕೆ’ ಎಂದಿರಬಾರದು. ಒಬ್ಬನ ಆಗಾಗ ಇನ್ನೊಬ್ಬನ ಅಪರೂಪ. “ಇಲ್ಲವೇ ಇಲ್ಲ, ಒಂದೆರಡು ಸಲ, ತಿಂಗಳಿಗೆ ಎರಡು ಮೂರು ಸಲ, ವಾರಕ್ಕೊಮ್ಮೆ, ವಾರಕ್ಕೆ ಹಲವು ಸಲ” ಎಂಬ ಐದು ಮನೆಗಳಿರಲಿ. ತಿಂಗಳಿಗೆ ಎರಡು ಮೂರು ಸಲವೆಂಬಲ್ಲಿ ಗೆರೆ ಎಳೆದು, ಅಲ್ಲಿಂದಾಚೆಗಿನವರನ್ನು ಕಾಟಕ್ಕೆ ಗುರಿಯಾದವರೆಂದು ಎಣಿಸುವುದು ಓಲ್ವೇಯಸ್ ಮತ್ತು ಸೋಲ್ಬರ್ಗ್ ೨೦೦೩ರಲ್ಲಿ ಸಮರ್ಥಿಸಿದ ಕ್ರಮ.

ಇನ್ನು ಜಾಗದ ಪ್ರಶ್ನೆ. ಶಾಲೆಯ ಸ್ಥಳಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರ ಕೊಠಡಿಯಲ್ಲಿ ಕುಳಿತು ಬರೆದರೆ ‘ಆವರಣ’, ‘ಕಟ್ಟಡ’ ಎಂದಷ್ಟೇ ಆದೀತು. ಮಕ್ಕಳ ಶಾಲೆ ಬೇರೆಯೇ ಇದೆ. ಅದರಲ್ಲಿ ನೀರಿನ ತೊಟ್ಟಿಯ ಹಿಂಬದಿ ಇದೆ, ಮೆಟ್ಟಿಲ ತಿರುವು ಇದೆ, ಸೈಕಲ್ ನಿಲ್ಲಿಸುವ ಮಾಡು ಇದೆ, ಒಬ್ಬ ಉಪಾಧ್ಯಾಯರು ಹೋಗಿ ಇನ್ನೊಬ್ಬರು ಬರುವ ನಡುವಿನ ಐದು ನಿಮಿಷದ ತರಗತಿ ಇದೆ. ಬೇರೆ ಬೇರೆ ತರಗತಿಗಳ ಕೆಲವು ಮಕ್ಕಳನ್ನು ಕರೆದುಕೊಂಡು ಒಂದು ಸುತ್ತು ಬಂದು, ಅವರು ಆ ಜಾಗಗಳನ್ನು ಏನೆಂದು ಕರೆಯುತ್ತಾರೋ ಆ ಹೆಸರಿನಿಂದಲೇ ಪಟ್ಟಿ ಮಾಡಬೇಕು. ಹತ್ತು ಹನ್ನೆರಡು ಜಾಗಗಳಿಗಿಂತ ಹೆಚ್ಚು ಬೇಡ.

ಪ್ರತಿಯೊಂದು ಜಾಗದ ಎದುರಿಗೂ ಮೂರು ಪ್ರಶ್ನೆ ಕೇಳಬೇಕೆಂಬುದು ಈ ಲೇಖನದ ಮುಖ್ಯವಾದ ಮಾತು. ಇಲ್ಲಿ ನಿನಗೆ ಹೀಗೆ ಆಗಿದೆಯೆ? ಇಲ್ಲಿ ಬೇರೆಯವರಿಗೆ ಆಗುವುದನ್ನು ಕಂಡಿದ್ದೀಯಾ? ಯಾರಾದರೂ ಕಾಟ ಕೊಟ್ಟಾರೆಂಬ ಭಯದಿಂದ ಇಲ್ಲಿಗೆ ಹೋಗುವುದನ್ನು ತಪ್ಪಿಸುತ್ತೀಯಾ? ಮೊದಲನೆಯದನ್ನು ಎಲ್ಲರೂ ಕೇಳುತ್ತಾರೆ. ಎರಡನೆಯದು, ತನ್ನ ಅವಮಾನವನ್ನು ಹೇಳಿಕೊಳ್ಳಲಾರದ ಮಗುವಿಗೂ ಬಾಯಿ ಕೊಡುತ್ತದೆ. ಮೂರನೆಯದು ಏಕೆ ಬೇಕೆಂಬುದನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಅದಕ್ಕೆ ಮೊದಲು ಗುಟ್ಟನ್ನು ಕಾಯುವ ಬಗೆಯನ್ನು ಹೇಳಬೇಕು.

ಜಾಗವನ್ನು ನಿಖರವಾಗಿ ತಿಳಿಯಬೇಕೆಂಬ ಆಸೆಗೂ ಗುಟ್ಟಿಗೂ ಸಹಜವಾದ ವೈರವಿದೆ. ತರಗತಿ, ವಿಭಾಗ, ಹುಡುಗನೋ ಹುಡುಗಿಯೋ, ಮನೆಮಾತು, ಬಸ್ಸಿನಲ್ಲಿ ಬರುವುದೋ ನಡೆದು ಬರುವುದೋ ಎಂದು ಐದು ನಿರಪಾಯವಾದ ಪ್ರಶ್ನೆಗಳನ್ನು ಕೇಳಿನೋಡಿ. ನಲವತ್ತು ಮಕ್ಕಳ ವಿಭಾಗದಲ್ಲಿ ಬಸ್ಸಿನಲ್ಲಿ ಬರುವ, ತುಳು ಮನೆಮಾತಿನ ಹುಡುಗಿ ಒಬ್ಬಳೇ ಇದ್ದಾಳು. ಅವಳ ಹೆಸರನ್ನು ನಾವು ಕೇಳಿಲ್ಲ; ಆದರೆ ಬರೆಸಿಕೊಂಡಂತೆಯೇ ಆಯಿತು. ಆದುದರಿಂದ ತರಗತಿ, ಹುಡುಗನೋ ಹುಡುಗಿಯೋ ಎಂಬೆರಡಕ್ಕೆ ನಿಲ್ಲಿಸಿ, ವಿಭಾಗವನ್ನು ಬಿಡುವುದು ಉತ್ತಮ. ಲೆಕ್ಕ ತೆಗೆಯುವಾಗ ಹತ್ತು ಜನಕ್ಕಿಂತ ಕಡಿಮೆಯಿರುವ ಯಾವ ಗುಂಪಿನ ಅಂಕಿಯನ್ನೂ ಬಿಡಿಯಾಗಿ ತೋರಿಸಬಾರದು. ಇದರಲ್ಲಿಯೂ ಒಂದು ಬೇಸ್ತು ಬೀಳುವ ಜಾಗವಿದೆ. ಒಂದು ಗುಂಪನ್ನು ಮುಚ್ಚಿಟ್ಟು ಉಳಿದ ಎಲ್ಲ ಗುಂಪುಗಳನ್ನೂ ಒಟ್ಟು ಮೊತ್ತವನ್ನೂ ಪ್ರಕಟಿಸಿದರೆ, ಕಳೆಯುವ ಲೆಕ್ಕ ಬಲ್ಲ ಯಾರಾದರೂ ಮುಚ್ಚಿಟ್ಟದ್ದನ್ನು ಹೊರತೆಗೆಯುತ್ತಾರೆ. ಒಂದನ್ನು ಮುಚ್ಚಿದಾಗ ಅದರ ನೆರೆಯ ಇನ್ನೊಂದನ್ನೂ ಮುಚ್ಚಬೇಕು, ಇಲ್ಲವೆ ಎರಡನ್ನೂ ಕೂಡಿಸಿ ಒಂದಾಗಿ ತೋರಿಸಬೇಕು.

ಕಾಗದದ ಗುಟ್ಟನ್ನು ಕಾದರೆ ಸಾಲದು, ತುಂಬುವ ಗಳಿಗೆಯ ಗುಟ್ಟನ್ನೂ ಕಾಯಬೇಕು. “ಇಲ್ಲ ಎಂದವರು ೯ನೆಯ ಪ್ರಶ್ನೆಗೆ ಹೋಗಿ” ಎಂಬ ಸೂಚನೆಯನ್ನು ಪ್ರಶ್ನಾವಳಿ ಬರೆಯುವವರು ಉಪಕಾರವೆಂದೇ ಹಾಕುತ್ತಾರೆ. ಅದರ ಫಲವಾಗಿ ಕಾಟವಿಲ್ಲದ ಮಕ್ಕಳು ಐದು ನಿಮಿಷದಲ್ಲಿ ಪೆನ್ಸಿಲ್ ಕೆಳಗಿಡುತ್ತಾರೆ. ಇನ್ನೂ ಬಗ್ಗಿ ಗುರುತು ಹಾಕುತ್ತಿರುವವನನ್ನು ಇಡೀ ತರಗತಿ ನೋಡುತ್ತದೆ. ಬೆಂಚಿನ ಪಕ್ಕದಲ್ಲಿಯೇ ಕಾಟ ಕೊಡುವವನೂ ಕುಳಿತಿರುತ್ತಾನೆ ಎಂಬುದನ್ನು ಮರೆಯಬಾರದು. ಅದಕ್ಕಾಗಿ ಪ್ರತಿಯೊಬ್ಬರೂ ಪ್ರತಿಯೊಂದು ಪ್ರಶ್ನೆಗೂ ಒಂದು ಗುರುತು ಹಾಕುವಂತೆಯೇ ಹಾಳೆಯನ್ನು ರಚಿಸಬೇಕು. ‘ಇಲ್ಲ’ ಎನ್ನುವುದಕ್ಕೂ ‘ಹೌದು’ ಎನ್ನುವುದಕ್ಕೂ ಅಷ್ಟೇ ಕೆಲಸವಿರಬೇಕು. ಎಲ್ಲರಿಗೂ ಶಾಲೆಯೇ ಒಂದೇ ಬಗೆಯ ಪೆನ್ಸಿಲ್ ಕೊಡಬೇಕು. ಬರೆಯಿಸಬಾರದು, ಗುರುತು ಮಾತ್ರ ಹಾಕಿಸಬೇಕು. ಳಕಾರದ ಬಾಲ ಅಲ್ಲಿ ಕಾಣಬಾರದು. ತರಗತಿಯ ಉಪಾಧ್ಯಾಯರು ಹೊರಗಿದ್ದು ಬೇರೆ ತರಗತಿಯವರು ಒಳಗಿರಬೇಕು, ಅವರೂ ಬೆಂಚುಗಳ ನಡುವೆ ಓಡಾಡಬಾರದು. ಹಾಳೆಯನ್ನು ಮಡಿಸಿ ಮಗುವೇ ಪೆಟ್ಟಿಗೆಗೆ ಹಾಕಬೇಕು, ಎಲ್ಲ ತರಗತಿಗಳ ಪೆಟ್ಟಿಗೆಗಳನ್ನೂ ಒಟ್ಟಿಗೆ ಸುರಿದು ಕಲಸಿದ ಮೇಲೆಯೇ ಎಣಿಕೆ ಶುರುವಾಗಬೇಕು. ಇದನ್ನೇ ಗಣಕಯಂತ್ರದಲ್ಲಿ ಮಾಡುವ ಶಾಲೆಗಳೂ ಇವೆ. ಮಗು ತನ್ನ ಹೆಸರಿನ ಖಾತೆಯಿಂದ ಒಳಹೊಕ್ಕರೆ ಅದು ಅನಾಮಧೇಯವಲ್ಲ; ಯಂತ್ರಕ್ಕೆ ಗೊತ್ತಿದ್ದು ನಾವು ನೋಡೆವು ಎಂಬ ಮಾತು ಬೇರೆ, ಯಾರಿಗೂ ಗೊತ್ತಾಗದು ಎಂಬ ಮಾತು ಬೇರೆ. ಎರಡನ್ನೂ ಬೆರೆಸಿ ಮಕ್ಕಳಿಗೆ ವಚನ ಕೊಡುವುದು ಮೋಸ.

ಈಗ ಉದಾಹರಣೆಗೆ ಬರೋಣ. ಒಂದು ಶಾಲೆಯನ್ನು ಕಲ್ಪಿಸಿಕೊಳ್ಳಿ. ಅಂಕಿಗಳೂ ಕಲ್ಪಿತವೇ, ಆದರೆ ಇಂತಹ ಸಮೀಕ್ಷೆ ಹೇಗೆ ಮಾತಾಡುತ್ತದೆಂಬುದನ್ನು ತೋರಿಸಲು ಸಾಕು. ಎಂಟರಿಂದ ಹತ್ತನೆಯ ತರಗತಿಯವರೆಗೆ ೨೪೦ ಮಕ್ಕಳು. ಅಂದು ಬಂದವರು ೨೨೮. ಖಾಲಿ ಬಿಟ್ಟ ಹಾಳೆಗಳನ್ನೂ ಎಲ್ಲ ಮನೆಗೂ ಕಣ್ಣುಮುಚ್ಚಿ ಒಂದೇ ಗುರುತು ಹಾಕಿದ ಹಾಳೆಗಳನ್ನೂ ತೆಗೆದಿಟ್ಟರೆ ಉಳಿದವು ೨೧೬. ತಿಂಗಳಿಗೆ ಎರಡು ಮೂರು ಸಲ ಅಥವಾ ಅದಕ್ಕಿಂತ ಹೆಚ್ಚು ಕಾಟ ಅನುಭವಿಸಿದವರು ೨೭, ಎಂದರೆ ಎಂಟರಲ್ಲಿ ಒಬ್ಬರು.

ಎಲ್ಲಿ? ಆಟದ ಬಯಲಿನಲ್ಲಿ ಎಂದವರು ೧೪, ತಟ್ಟೆ ತೊಳೆಯುವ ನಲ್ಲಿಯ ಬಳಿ ೧೨, ಉಪಾಧ್ಯಾಯರಿಲ್ಲದ ತರಗತಿಯಲ್ಲಿ ೯, ಶೌಚಾಲಯದಲ್ಲಿ ೩. (ಒಬ್ಬರೇ ಎರಡು ಜಾಗ ಹೇಳಬಹುದಾದ್ದರಿಂದ ಮೊತ್ತ ೨೭ ಆಗಬೇಕಿಲ್ಲ.) ಅವಸರದ ಸಮಿತಿ ಇಲ್ಲಿಯೇ ನಿಂತು, ಬಯಲು ಮೊದಲನೆಯದು, ಶೌಚಾಲಯ ಕೊನೆಯದು ಎಂದು ಬರೆದುಬಿಡುತ್ತದೆ. ಎರಡೂ ತಪ್ಪು.

ಮೊದಲನೆಯದಾಗಿ, ಹದಿನಾಲ್ಕಕ್ಕೂ ಹನ್ನೆರಡಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಇಷ್ಟು ಸಣ್ಣ ಅಂಕಿಗಳು ಕೇವಲ ಆಕಸ್ಮಿಕವಾಗಿ ಮೂರು ನಾಲ್ಕರಷ್ಟು ಅತ್ತಿತ್ತ ಆಗುತ್ತವೆ. ಅಂದು ಗೈರುಹಾಜರಾದ ೧೨ ಮಕ್ಕಳು ಬಂದಿದ್ದರೆ ಸ್ಥಾನಗಳೇ ಅದಲುಬದಲಾಗುತ್ತಿದ್ದವು. ಆ ಗೈರುಹಾಜರಿಯಲ್ಲಿಯೂ ಭಯ ಇದ್ದೀತು. ಅದಕ್ಕಿಂತ ಮುಖ್ಯವಾದ ಸಂಗತಿ ಕಾಲದ್ದು. ಬಯಲಿನಲ್ಲಿ ಮಗು ದಿನಕ್ಕೆ ೪೦ ನಿಮಿಷ ಕಳೆಯುತ್ತದೆ. ನಲ್ಲಿಯ ಬಳಿ ೮ ನಿಮಿಷ. ಐದರಲ್ಲೊಂದು ಪಾಲು ಹೊತ್ತಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಕಾಟ ನಡೆಯುತ್ತಿದೆಯಾದರೆ ನಲ್ಲಿಯ ಬಳಿಯ ಒಂದೊಂದು ನಿಮಿಷವೂ ಬಯಲಿನ ನಿಮಿಷಕ್ಕಿಂತ ನಾಲ್ಕು ಪಟ್ಟು ಅಪಾಯದ್ದು. ಕಂಡವರ ಲೆಕ್ಕವೂ ಇದನ್ನು ಎತ್ತಿಹಿಡಿಯುತ್ತದೆ: ನಲ್ಲಿಯ ಬಳಿ ಬೇರೆಯವರಿಗೆ ಆದುದನ್ನು ಕಂಡವರು ೫೮ ಮಂದಿ.

ಇನ್ನು ಶೌಚಾಲಯ. ಅನುಭವಿಸಿದವರು ೩, ಕಂಡವರು ೫. ಎರಡು ಪ್ರಶ್ನೆಗಳಿಗೇ ನಿಲ್ಲಿಸಿದ್ದರೆ ಅದು ಶಾಲೆಯ ಅತ್ಯಂತ ಸುರಕ್ಷಿತವಾದ ಜಾಗವೆಂದು ತೀರ್ಮಾನಿಸಬಹುದಾಗಿತ್ತು. ಮೂರನೆಯ ಪ್ರಶ್ನೆಗೆ ಬನ್ನಿ: ಭಯದಿಂದ ಅಲ್ಲಿಗೆ ಹೋಗುವುದನ್ನೇ ಬಿಟ್ಟವರು ೪೭. ಕಾಟ ಕಡಿಮೆಯಾದದ್ದು ಕಾಟ ಕೊಡುವವರು ಇಲ್ಲದ್ದರಿಂದಲ್ಲ, ತಿನ್ನುವವರು ಹೋಗದ್ದರಿಂದ. ಬೆಳಗ್ಗೆಯಿಂದ ನೀರು ಕುಡಿಯದೆ, ಸಂಜೆ ಮನೆಗೆ ಹೋಗುವವರೆಗೂ ಬಿಗಿಹಿಡಿದುಕೊಂಡು ಕುಳಿತಿರುವ ಮಕ್ಕಳು ಆ ೪೭ರಲ್ಲಿದ್ದಾರೆ. ಅತಿ ಭಯಂಕರವಾದ ಜಾಗವೇ ಕಾಟದ ಪಟ್ಟಿಯಲ್ಲಿ ಅತಿ ಕೆಳಗೆ ಬರಬಹುದೆಂಬ ಈ ವಿಪರ್ಯಾಸವನ್ನು ತಿಳಿಯದವರು ಎಷ್ಟು ಸಮೀಕ್ಷೆ ಮಾಡಿದರೂ ವ್ಯರ್ಥ. ಆದರೆ ಇಲ್ಲಿಯೂ ಎಚ್ಚರ ಬೇಕು. ನಮ್ಮ ಎಷ್ಟೋ ಶಾಲೆಗಳಲ್ಲಿ ಮಕ್ಕಳು ಶೌಚಾಲಯಕ್ಕೆ ಹೋಗದಿರುವುದು ಕೊಳಕಿಗಾಗಿ, ನೀರಿಲ್ಲದ್ದಕ್ಕಾಗಿ, ಬಾಗಿಲಿಗೆ ಅಗಳಿ ಇಲ್ಲದ್ದಕ್ಕಾಗಿ. “ತಪ್ಪಿಸುತ್ತೀಯಾ?” ಎಂದಷ್ಟೇ ಕೇಳಿದರೆ ಇವೆಲ್ಲ ಒಂದೇ ರಾಶಿಯಾಗುತ್ತವೆ. ಅದಕ್ಕಾಗಿಯೇ “ಕಾಟದ ಭಯದಿಂದ”, “ಬೇರೆ ಕಾರಣದಿಂದ” ಎಂದು ಎರಡು ಮನೆಗಳನ್ನು ಬೇರ್ಪಡಿಸಬೇಕು.

ಆ ಮೂರು ಮಂದಿ ಯಾರು, ಯಾವ ತರಗತಿಯವರು ಎಂದು ತಿಳಿಯುವ ಕುತೂಹಲ ಸಮಿತಿಯಲ್ಲಿ ಯಾರಿಗಾದರೂ ಹುಟ್ಟಿಯೇ ಹುಟ್ಟುತ್ತದೆ. ೨೧೬ರಲ್ಲಿ ೩ ಎಂಬುದು ಯಾರನ್ನೂ ತೋರಿಸಿಕೊಡುವುದಿಲ್ಲ. ಅದನ್ನು ತರಗತಿಯಿಂದಲೂ ಲಿಂಗದಿಂದಲೂ ಸೀಳಿದರೆ ಒಬ್ಬೊಬ್ಬರಾಗಿ ಬಯಲಿಗೆ ಬರುತ್ತಾರೆ. ಅಲ್ಲಿಗೆ ಸೀಳುವುದನ್ನು ನಿಲ್ಲಿಸಿ, ಎದ್ದು ಆ ಜಾಗಕ್ಕೆ ನಡೆದುಹೋಗುವುದು ಸರಿಯಾದ ಕ್ರಮ. ನಮ್ಮ ಕಲ್ಪನೆಯ ಶಾಲೆಯ ನಲ್ಲಿಯ ಬಳಿ ಒಂದು ವಾರ ಊಟದ ಹೊತ್ತಿನಲ್ಲಿ ನಿಂತು ನೋಡಿದರೆ ಕಾರಣ ಕಾಣುತ್ತದೆ: ಆರು ನಲ್ಲಿಗಳಲ್ಲಿ ನೀರು ಬರುವುದು ಎರಡರಲ್ಲಿ, ೨೪೦ ತಟ್ಟೆಗಳು ಒಂದೇ ಹೊತ್ತಿಗೆ ಬರುತ್ತವೆ, ದೊಡ್ಡವರು ನುಗ್ಗುತ್ತಾರೆ, ಸಣ್ಣವರ ಕೈಗೆ ತಮ್ಮ ತಟ್ಟೆಗಳನ್ನೂ ಕೊಡುತ್ತಾರೆ, ಉಪಾಧ್ಯಾಯರೆಲ್ಲ ಆಗ ಊಟಕ್ಕೆ ಕುಳಿತಿರುತ್ತಾರೆ. ನಾಲ್ಕು ನಲ್ಲಿ ರಿಪೇರಿ, ಎಂಟನೆಯ ತರಗತಿಗೆ ಹತ್ತು ನಿಮಿಷ ಮುಂಚೆ ಊಟ, ಒಬ್ಬ ಹಿರಿಯರು ಅಲ್ಲಿ ನಿಲ್ಲುವ ಸರದಿ. ಇಷ್ಟಕ್ಕೆ ಯಾರ ಹೆಸರೂ ಬೇಕಾಗಲಿಲ್ಲ.

ಇದರಿಂದ ಗುಣವಾಯಿತೇ ಎಂದು ತಿಳಿಯಲು ಮರುವರ್ಷ ಅದೇ ತಿಂಗಳಿನಲ್ಲಿ ಅದೇ ಹಾಳೆಯನ್ನು ಮತ್ತೆ ಕೊಡಬೇಕು. ಹೋಲಿಸುವಾಗ ಕಳೆದ ವರ್ಷದ ಎಂಟನೆಯ ತರಗತಿಯ ಮಕ್ಕಳನ್ನು ಈಗಿನ ಒಂಬತ್ತನೆಯವರಾದ ಅವರೊಡನೆಯೇ ಹೋಲಿಸಬಾರದು. ವಯಸ್ಸಾದಂತೆ ಕಾಟಕ್ಕೆ ಗುರಿಯಾಗುವುದು ತಾನಾಗಿಯೇ ಕಡಿಮೆಯಾಗುತ್ತದೆ. ಕಾಲ ಮಾಡಿದ ಉಪಕಾರವನ್ನು ನಮ್ಮ ಖಾತೆಗೆ ಬರೆದುಕೊಂಡಂತಾದೀತು. ಅಂದಿನ ಎಂಟನೆಯವರನ್ನು ಇಂದಿನ ಎಂಟನೆಯವರೊಡನೆ ಇಟ್ಟು ನೋಡಬೇಕು. ಬರ್ಗೆನ್ನಿನ ೪೨ ಶಾಲೆಗಳ ಸುಮಾರು ೨,೫೦೦ ಮಕ್ಕಳನ್ನು ೧೯೮೩ರಿಂದ ೧೯೮೫ರವರೆಗೆ ಗಮನಿಸಿದಾಗ ಓಲ್ವೇಯಸ್ ಹೀಗೆಯೇ ಸಮವಯಸ್ಕರನ್ನು ಹೋಲಿಸಿ, ಕಾಟ ಅರ್ಧದಷ್ಟು ಇಳಿಯಿತೆಂದು ತೋರಿಸಿದರು. ಕೆಲವು ಶಾಲೆಗಳಲ್ಲಿ ಎರಡನೆಯ ಸಲ ಅಂಕಿ ಏರುವುದೂ ಉಂಟು. ಮೊದಲ ಸಲ ನಂಬದೆ ‘ಇಲ್ಲ’ ಎಂದಿದ್ದವರು ಈಗ ನಂಬಿ ‘ಹೌದು’ ಎಂದಿರಬಹುದು. ಕಂಡವರ ಲೆಕ್ಕವೂ ತಪ್ಪಿಸಿಕೊಳ್ಳುವವರ ಲೆಕ್ಕವೂ ಇಳಿದು, ಅನುಭವಿಸಿದೆ ಎನ್ನುವವರ ಲೆಕ್ಕ ಮಾತ್ರ ಏರಿದ್ದರೆ ಅದು ಹೆಚ್ಚಿದ ಕಾಟಕ್ಕಿಂತ ಹೆಚ್ಚಿದ ವಿಶ್ವಾಸದ ಗುರುತಾಗಿರುವ ಸಂಭವವೇ ಹೆಚ್ಚು.

ಈ ಹಾಳೆಗೆ ಒಂದು ಮಿತಿ ಇದೆ, ಅದನ್ನು ಮಕ್ಕಳಿಗೆ ಮೊದಲೇ ಹೇಳಬೇಕು. ಹೆಸರಿಲ್ಲದ ಕಾಗದ ಜಾಗವನ್ನು ಕಾಪಾಡಬಲ್ಲುದು, ಇಂದು ಸಂಜೆಯೇ ಸಹಾಯ ಬೇಕಾದ ಮಗುವನ್ನು ಕಾಪಾಡಲಾರದು. ಅದು ಯಾರದೆಂದು ನಮಗೆ ತಿಳಿಯದು, ತಿಳಿಯದಂತೆ ನಾವೇ ಮಾಡಿದ್ದೇವೆ. ಆದುದರಿಂದ ಹಾಳೆಯ ಕೊನೆಯಲ್ಲಿ, ಹರಿದು ಮನೆಗೆ ಒಯ್ಯುವಂತಹ ಒಂದು ಪಟ್ಟಿಯಲ್ಲಿ, ಯಾರನ್ನು ಕಂಡು ಮಾತಾಡಬಹುದೆಂಬುದನ್ನೂ ಮಕ್ಕಳ ಸಹಾಯವಾಣಿಯಾದ ೧೦೯೮ನ್ನೂ ಅಚ್ಚು ಹಾಕಿ ಎಲ್ಲರಿಗೂ ಕೊಡಬೇಕು. ಎಲ್ಲರೂ ಹರಿದುಕೊಂಡಾಗ, ಬೇಕಾಗಿದ್ದವರು ಯಾರೆಂದು ತಿಳಿಯುವುದಿಲ್ಲ.

ನಮ್ಮ ಶಾಲೆಯ ಆ ನಲ್ಲಿಯನ್ನು ಈಚೆಗೆ ಒಮ್ಮೆ ಆ ದಾರಿಯಾಗಿ ಹೋಗುವಾಗ ಬೇಲಿಯಾಚೆಯಿಂದ ನೋಡಿದೆ. ಸಾಲು ಹಾಗೆಯೇ ಇದೆ, ತಟ್ಟೆಗಳ ಸದ್ದೂ ಹಾಗೆಯೇ. ಡಬ್ಬಿ ಇದ್ದ ಗೋಡೆಯಲ್ಲಿ ಎರಡು ಮೊಳೆಗಳು ಉಳಿದಿವೆ. ಆ ಹುಡುಗ ತನ್ನ ಒಂದೇ ಚೀಟಿಯಲ್ಲಿ ಜಾಗವನ್ನು ಹೇಳಿದ್ದ, ಹೊತ್ತನ್ನೂ ಹೇಳಿದ್ದ. ನಾವು ಓದಿದ್ದು ಅವನ ಅಕ್ಷರವನ್ನು.